ಮಗಳ ಮದುವೆಗೆ ಹತ್ತು ಪವನ್: ನಾಣ್ಯವೋ, ಬಾಂಡೋ, ಇಟಿಎಫ್ಫೋ?

ಅಡಿಕೆ ಮಾರಿದ ದುಡ್ಡು ಬ್ಯಾಂಕಿಗೆ ಬಂದ ವಾರವೇ ಪುತ್ತೂರಿನಿಂದ ಭಾವ ಫೋನ್ ಮಾಡಿದ್ದರು. ಅಕ್ಕನ ಮಗಳು ಈಗ ಕೊನೆಯ ವರ್ಷದ ಡಿಗ್ರಿ. ನಾಲ್ಕು ವರ್ಷದಲ್ಲಿ ಮದುವೆ ಅಂತ ಮನೆಯಲ್ಲಿ ಅಂದಾಜು. "ಹತ್ತು ಪವನ್ ಹಾಕ್ಬೇಕು ಅಂತ ನಿನ್ನ ಅಕ್ಕನ ಆಸೆ. ವರ್ಷವರ್ಷ ಸ್ವಲ್ಪಸ್ವಲ್ಪ ತಗೊಳ್ಳುವ ಅಂತಿದ್ದೇನೆ. ನಾಣ್ಯ ತಗೊಂಡ್ರೆ ಸಾಕಲ್ವಾ?" ಅಂದರು.

ಸಾಕೋ ಇಲ್ಲವೋ ಅಂತ ಹೇಳುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆವು. ನಮ್ಮ ಕಡೆ ಪವನ್ ಅಂದರೆ 8 ಗ್ರಾಂ. ಹತ್ತು ಪವನ್ ಅಂದರೆ 80 ಗ್ರಾಂ ಒಡವೆ. ಒಡವೆ 22 ಕ್ಯಾರೆಟ್, ಅಂದರೆ ನೂರಕ್ಕೆ 91.6 ಭಾಗ ಮಾತ್ರ ಚೊಕ್ಕ ಚಿನ್ನ. ಹಾಗಾಗಿ 80 ಗ್ರಾಂ ಒಡವೆಗೆ ಬೇಕಾದ ಚೊಕ್ಕ ಚಿನ್ನ ಸುಮಾರು 73.3 ಗ್ರಾಂ. ನಾಣ್ಯ, ಸರ್ಕಾರದ ಚಿನ್ನದ ಬಾಂಡ್, ಷೇರಿನಂತೆ ಕೊಳ್ಳುವ ಚಿನ್ನದ ಇಟಿಎಫ್ ಮೂರೂ ಚೊಕ್ಕ ಚಿನ್ನದ ಲೆಕ್ಕದಲ್ಲೇ ನಡೆಯುತ್ತವೆ. ಆದ್ದರಿಂದ ಗುರಿ 80 ಅಲ್ಲ, 73.3.

ಗುರಿಯನ್ನು ಗ್ರಾಂನಲ್ಲಿ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿಯಿತು. ಕೆಲವೇ ದಿನದಲ್ಲಿ ದರ ಜಾರಿತು. ಒಡವೆ ಮಾಡಿಸಲು ಚಿನ್ನ ಕೂಡಿಟ್ಟವರಿಗೆ ಏನೂ ಆಗಲಿಲ್ಲ. ಅವರ ಗ್ರಾಂ ಅಷ್ಟೇ ಇತ್ತು, ಮಾಡಿಸಬೇಕಾದ ಒಡವೆಯೂ ಅಗ್ಗವಾಯಿತು. ಆದರೆ ಅದೇ ಚಿನ್ನ ಮಾರಿ ಹಾಲ್ ಬಾಡಿಗೆ, ಊಟದ ಖರ್ಚು ಕೊಡಬೇಕು ಅಂತಿದ್ದವರಿಗೆ ನೇರ ಪೆಟ್ಟು ಬಿತ್ತು. ಅದಕ್ಕೇ ಭಾವನಿಗೆ ಮೊದಲು ಹೇಳಿದ್ದು: ಊಟದ ದುಡ್ಡು ಆರ್‌ಡಿಯಲ್ಲಿರಲಿ, ಒಡವೆಯದ್ದು ಮಾತ್ರ ಚಿನ್ನದಲ್ಲಿರಲಿ.

ಬಾಂಡ್: ಇದ್ದವರಿಗೆ ಒಂದು ಮಾತು, ಇಲ್ಲದವರಿಗೆ ಇನ್ನೊಂದು

ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ ಶುರುವಾದದ್ದು 2015ರ ನವೆಂಬರ್‌ನಲ್ಲಿ. ಎಂಟು ವರ್ಷದ ಅವಧಿ. ಕೊಂಡ ಬೆಲೆಯ ಮೇಲೆ ವರ್ಷಕ್ಕೆ ಶೇ. 2.5 ಬಡ್ಡಿ, ಮೊದಮೊದಲು ಬಿಟ್ಟವಕ್ಕೆ 2.75, ಆರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ಕೊನೆಗೆ ಆ ಹೊತ್ತಿನ ಚಿನ್ನದ ದರದಲ್ಲಿ ದುಡ್ಡು ಸಿಗುತ್ತದೆ. ಸರ್ಕಾರ ಕಂತುಕಂತಾಗಿ ಬಿಟ್ಟ ಈ ಬಾಂಡ್‌ನ ಮೊದಲ ಕಂತಿನವರು ಗ್ರಾಂಗೆ 2,684 ರೂಪಾಯಿ ಕೊಟ್ಟಿದ್ದರು, 2023ರ ನವೆಂಬರ್‌ನಲ್ಲಿ 6,132 ರೂಪಾಯಿ ಪಡೆದರು. ಬಡ್ಡಿ ಬೇರೆ. ಇಷ್ಟು ಒಳ್ಳೆಯದು ಉಳಿಯುತ್ತದೆಯೇ? ಉಳಿಯಲಿಲ್ಲ. 2024ರ ಫೆಬ್ರವರಿಯ ಕಂತೇ ಕೊನೆ, ಆಮೇಲೆ ಸರ್ಕಾರ ಹೊಸ ಬಾಂಡ್ ಬಿಟ್ಟಿಲ್ಲ. ಚಿನ್ನ ಏರಿದಷ್ಟೂ ಸರ್ಕಾರದ ಸಾಲ ಏರುವ ಬಾಬತ್ತು ಇದು.

ಭಾವನ ಹತ್ತಿರ ಒಂದು ಹಳೆಯ ಬಾಂಡ್ ಇತ್ತು. 2020ರ ಆಗಸ್ಟ್‌ನಲ್ಲಿ ಗ್ರಾಂಗೆ 5,334 ರೂಪಾಯಿಯಂತೆ 16 ಗ್ರಾಂ ಕೊಂಡು ಮರೆತೇಬಿಟ್ಟಿದ್ದರು. ವರ್ಷಕ್ಕೆ ಎರಡು ಸಾವಿರದ ಚಿಲ್ಲರೆ ಬಡ್ಡಿ ಬರುತ್ತಿದ್ದುದನ್ನು ಪಾಸ್‌ಬುಕ್‌ನಲ್ಲಿ ಹುಡುಕಿ ತೋರಿಸಿದೆ. ಐದು ವರ್ಷ ಮುಗಿದ ಮೇಲೆ ಬಡ್ಡಿಯ ದಿನಗಳಲ್ಲಿ ಮುಂಚಿತವಾಗಿ ಹಿಂದಿರುಗಿಸಬಹುದು. ಆದರೆ ನಾನು ಬೇಡ ಅಂದೆ. ಮೂಲ ಬಿಡುಗಡೆಯಲ್ಲೇ ಕೊಂಡು ಎಂಟು ವರ್ಷ ಪೂರ್ತಿ ಇಟ್ಟ ವ್ಯಕ್ತಿಗೆ ಲಾಭದ ಮೇಲೆ ತೆರಿಗೆ ಇಲ್ಲ. ಮುಂಚೆ ಬಿಡಿಸಿಕೊಂಡರೆ ಆ ಅನುಕೂಲ ಕೈತಪ್ಪುತ್ತದೆ. ಅವರ ಬಾಂಡ್ ಮುಗಿಯುವುದು 2028ರ ಆಗಸ್ಟ್‌ಗೆ, ಅಂದರೆ ಮದುವೆಗೆ ಮುಂಚೆಯೇ.

ಬಾಂಡ್ ಮುಗಿದಾಗ ಚಿನ್ನ ಸಿಗುತ್ತದೆ ಅಂತ ಭಾವ ನಂಬಿದ್ದರು. ಇಲ್ಲ, ದುಡ್ಡು ಮಾತ್ರ. ಹಿಂದಿನ ಮೂರು ಕೆಲಸದ ದಿನಗಳ 999 ಅಂದರೆ ಚೊಕ್ಕ ಚಿನ್ನದ ದರದ ಸರಾಸರಿ ತೆಗೆದು ಖಾತೆಗೆ ಹಾಕುತ್ತಾರೆ. ಮದುವೆ ಇನ್ನೂ ದೂರವಿದ್ದರೆ ಆ ದುಡ್ಡನ್ನು ಉಳಿತಾಯ ಖಾತೆಯಲ್ಲಿ ಬಿಡುವ ಹಾಗಿಲ್ಲ. ಬಂದ ವಾರವೇ ಮತ್ತೆ ಚಿನ್ನಕ್ಕೆ ಹಾಕಬೇಕು, ಇಲ್ಲದಿದ್ದರೆ ದರ ಏರಿದಾಗ 16 ಗ್ರಾಂ ಹದಿನಾಲ್ಕೋ ಹದಿಮೂರೋ ಆಗಿರುತ್ತದೆ.

ಹೊಸದಾಗಿ ಬೇಕು ಅನ್ನುವವರು ಷೇರು ಪೇಟೆಯಲ್ಲಿ ಬೇರೆಯವರ ಬಾಂಡ್ ಕೊಳ್ಳಬಹುದು. ಉದಾಹರಣೆಗೆ ಕೊನೆಯ ಕಂತು, ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಯ ಆ್ಯಪ್‌ನಲ್ಲಿ SGBFEB32IV ಎಂದು ಕಾಣುತ್ತದೆ. ನೋಡಲು ಚೆನ್ನಾಗಿದೆ, ಲೆಕ್ಕಕ್ಕೆ ಕೂತರೆ ಅಷ್ಟಕ್ಕಷ್ಟೇ. ಬಡ್ಡಿ ಸಿಗುವುದು ಮೊದಲ ಬೆಲೆಯಾದ 6,263 ರೂಪಾಯಿಯ ಮೇಲೆ, ವರ್ಷಕ್ಕೆ ಗ್ರಾಂಗೆ ಸುಮಾರು 157 ರೂಪಾಯಿ. ನೀವು ಇಂದು ಎಷ್ಟೇ ಕೊಟ್ಟಿರಿ, ಅಷ್ಟೇ. ಚಿನ್ನ 10,000 ಇರುವಾಗ ಬಾಂಡ್ 10,400ಕ್ಕೆ ಸಿಕ್ಕಿತು ಅನ್ನಿ. ಆ 400 ರೂಪಾಯಿ ವಾಪಸ್ ಬರಲು ಎರಡೂವರೆ ವರ್ಷದ ಬಡ್ಡಿ ಬೇಕು. ಬಡ್ಡಿಗೂ ನಿಮ್ಮ ಸ್ಲ್ಯಾಬ್‌ನಂತೆ ತೆರಿಗೆ ಇದೆ. ಜೊತೆಗೆ 2026ರ ಬಜೆಟ್ ಬದಲಾವಣೆಯಿಂದ ಪೇಟೆಯಲ್ಲಿ ಕೊಂಡವರಿಗೆ, ಕೊನೆವರೆಗೆ ಇಟ್ಟರೂ, ಲಾಭದ ಮೇಲಿನ ತೆರಿಗೆ ವಿನಾಯಿತಿಯೂ ಇಲ್ಲ. ಹಳೆಯ ವಿಡಿಯೊಗಳಲ್ಲಿ "ಪೇಟೆಯಲ್ಲಿ ಕೊಳ್ಳಿ, ಕೊನೆವರೆಗೆ ಇಡಿ, ತೆರಿಗೆ ಇಲ್ಲ" ಅಂತ ಇನ್ನೂ ಓಡುತ್ತಿದೆ. ಅದನ್ನು ನಂಬಿ ಹೋಗಬೇಡಿ. ದಿನಕ್ಕೆ ಕೈಬದಲಾಗುವ ಬಾಂಡ್‌ಗಳೂ ಕಡಿಮೆ. ಮದುವೆ ಹತ್ತಿರ ಬಂದಾಗ ಅವಸರದಲ್ಲಿ ಮಾರಲು ಹೋದರೆ ಕೇಳಿದ ಬೆಲೆ ಸಿಗದೆ ಇರಬಹುದು.

ಹಾಗಾಗಿ ಭಾವನಿಗೆ ಉಳಿದದ್ದು 73.3ರಲ್ಲಿ 16 ಕಳೆದು 57.3 ಗ್ರಾಂ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹದಿನಾಲ್ಕು ಗ್ರಾಂ ಚಿಲ್ಲರೆ. ಪ್ರಶ್ನೆ ಇಷ್ಟೇ, ಅದು ನಾಣ್ಯವಾಗಲೋ ಇಟಿಎಫ್ ಆಗಲೋ.

ನಾಣ್ಯ: ದುಡ್ಡು ಸೋರುವ ಎರಡು ಬಾಗಿಲು

ಮೊದಲು ನನ್ನದೇ ಒಂದು ದಡ್ಡತನ ಹೇಳಿಬಿಡುತ್ತೇನೆ. ವರ್ಷಗಳ ಹಿಂದೆ ಅಕ್ಷಯ ತದಿಗೆಗೆ ಒಂದು ಬ್ಯಾಂಕಿನಲ್ಲಿ ಚಿನ್ನದ ನಾಣ್ಯ ಕೊಂಡೆ. ಬ್ಯಾಂಕಿನದ್ದು ಅಂದರೆ ಭದ್ರ ಅಂತ. ಅಂಗಡಿಗಿಂತ ಜಾಸ್ತಿ ಕೊಟ್ಟೆ ಅನ್ನುವುದು ಆಗ ತಿಳಿದಿರಲಿಲ್ಲ. ಆಮೇಲೆ ಮಾರಲು ಅದೇ ಶಾಖೆಗೆ ಹೋದರೆ, "ಕೊಡಬಹುದು ಸರ್, ವಾಪಸ್ ತಗೊಳ್ಳೋ ಹಾಗಿಲ್ಲ" ಅಂದರು. ಅವರ ತಪ್ಪಲ್ಲ. ಮಾರಿದ ನಾಣ್ಯವನ್ನು ಬ್ಯಾಂಕುಗಳು ಮರಳಿ ಕೊಳ್ಳಲು ರಿಸರ್ವ್ ಬ್ಯಾಂಕ್ ಬಿಡುವುದಿಲ್ಲ. ಕೊನೆಗೆ ಪೇಟೆಬೀದಿಯ ಒಡವೆ ಅಂಗಡಿಗೇ ಹೋದೆ. ಅಲ್ಲಿ ಪ್ಯಾಕ್ ಒಡೆದು ಮೆಷಿನ್‌ನಲ್ಲಿ ಪರೀಕ್ಷೆ ಮಾಡಿ, ದರದಲ್ಲಿ ಇಷ್ಟು ಮುರಿದುಕೊಂಡು ಕೊಟ್ಟರು.

ನಾಣ್ಯದ ದುಡ್ಡು ಕೊಳ್ಳುವಾಗ ಒಂದು ಸಲ ಸೋರುತ್ತದೆ, ಒಡವೆ ಮಾಡಿಸುವಾಗ ಇನ್ನೊಂದು ಸಲ. ಕೊಳ್ಳುವಾಗ ಚಿನ್ನದ ದರದ ಮೇಲೆ ಮೇಕಿಂಗ್ ಚಾರ್ಜ್, ಅದೆಲ್ಲದರ ಮೇಲೆ ಶೇ. 3 ಜಿಎಸ್‌ಟಿ. ನಾಣ್ಯ ಚಿಕ್ಕದಾದಷ್ಟೂ ಗ್ರಾಂಗೆ ಬೀಳುವ ಮೇಕಿಂಗ್ ಜಾಸ್ತಿ. ಒಂದೊಂದು ಗ್ರಾಂನ ಹತ್ತು ನಾಣ್ಯಕ್ಕಿಂತ ಹತ್ತು ಗ್ರಾಂನ ಒಂದು ನಾಣ್ಯ ಯಾವಾಗಲೂ ಅಗ್ಗ. ಲೆಕ್ಕಕ್ಕೆ ಸುಲಭವಾಗಲಿ ಅಂತ ದರ ಗ್ರಾಂಗೆ 10,000, ಮೇಕಿಂಗ್ ಶೇ. 3 ಎಂದು ಇಟ್ಟುಕೊಳ್ಳೋಣ. ಹತ್ತು ಗ್ರಾಂ ನಾಣ್ಯಕ್ಕೆ 1,03,000, ಜಿಎಸ್‌ಟಿ ಸೇರಿ 1,06,090 ರೂಪಾಯಿ. ಮನೆಗೆ ಬಂದ ಚಿನ್ನ ಒಂದು ಲಕ್ಷದ್ದು.

ನಾಲ್ಕು ವರ್ಷ ಕಳೆದು ದರ 15,000 ಆಯಿತು ಅನ್ನಿ. ಇದು ಭವಿಷ್ಯವಲ್ಲ, ಲೆಕ್ಕಕ್ಕೆ ಒಂದು ಸಂಖ್ಯೆ ಅಷ್ಟೇ. ಹತ್ತು ಗ್ರಾಂ ಚೊಕ್ಕ ಚಿನ್ನ ಇರುವ ಒಡವೆ, ಅಂದರೆ 22 ಕ್ಯಾರೆಟ್‌ನ ಸುಮಾರು 10.9 ಗ್ರಾಂ ಒಡವೆ, ಅಂಗಡಿಯಲ್ಲಿ ಎಷ್ಟಾಗುತ್ತದೆ? ಚಿನ್ನಕ್ಕೆ 1,50,000. ಮಜೂರಿ, ವೇಸ್ಟೇಜ್ ಎಲ್ಲಾ ಸೇರಿ ಶೇ. 10 ಎಂದರೆ 1,65,000. ಮೇಲೆ ಶೇ. 3 ಜಿಎಸ್‌ಟಿ. ಒಟ್ಟು 1,69,950.

ನಾಣ್ಯವನ್ನು ಅಂಗಡಿಯಲ್ಲಿ ಕೊಟ್ಟು ಬದಲಿಗೆ ಒಡವೆ ತಂದರೆ ಬಿಲ್ಲಿನಲ್ಲಿ ಜಿಎಸ್‌ಟಿ ಸಾಮಾನ್ಯವಾಗಿ ಹೊಸ ಒಡವೆಯ ಪೂರ್ತಿ ಬೆಲೆಯ ಮೇಲೇ ಬೀಳುತ್ತದೆ. ನಾಣ್ಯದ ಬೆಲೆ ಆಮೇಲೆ ಕಳೆಯುತ್ತಾರೆ. ಅಂದರೆ ಒಂದೇ ಚಿನ್ನಕ್ಕೆ ಎರಡು ಸಲ ಜಿಎಸ್‌ಟಿ ಕಟ್ಟಿದ ಹಾಗೆ. ಪೂರ್ತಿ ದರ ಕೊಟ್ಟರೂ ಭಾವ ಕೈಯಿಂದ 19,950 ಹಾಕಬೇಕು. ಶೇ. 2 ಮುರಿದುಕೊಂಡರೆ 22,950. ಕಾನೂನಿನ ಪ್ರಕಾರ ಹೀಗೆ ಬದಲಿಸುವುದೂ ಮಾರಿದ ಹಾಗೆಯೇ, ಲಾಭಕ್ಕೆ ತೆರಿಗೆ ಇದೆ. ಎರಡು ವರ್ಷ ದಾಟಿದ ಮೇಲೆ ಶೇ. 12.5, ಜೊತೆಗೆ ಸೆಸ್. ನಮ್ಮ ಉದಾಹರಣೆಯಲ್ಲಿ ಇನ್ನೂ 5,700 ರೂಪಾಯಿಯಷ್ಟು. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ಇದಕ್ಕೊಂದು ಹಳೆಯ ದಾರಿ ಇದೆ. ಅಜ್ಜಿ ಕಾಲದಲ್ಲಿ ಚಿನ್ನ ಕೊಟ್ಟು ಆಚಾರಿಯಿಂದ ಮಾಡಿಸುತ್ತಿದ್ದರು ನೋಡಿ, ಅದೇ. ನಮ್ಮ ನಾಣ್ಯವನ್ನು ಕೊಟ್ಟು ಅದರಿಂದಲೇ ಒಡವೆ ಮಾಡಿಸಿಕೊಂಡರೆ ಅದು ಮಾರಾಟವಲ್ಲ, ಕೂಲಿ ಕೆಲಸ. ಜಿಎಸ್‌ಟಿ ಕೂಲಿಯ ಮೇಲೆ ಮಾತ್ರ ಶೇ. 5. ಲಾಭದ ತೆರಿಗೆಯ ಮಾತೇ ಇಲ್ಲ. ಮಜೂರಿ, ವೇಸ್ಟೇಜ್ 15,000 ಆದರೆ ಒಟ್ಟು ಹಾಕಬೇಕಾದದ್ದು 15,750. ನಾಣ್ಯ ಕೊಳ್ಳುವುದಕ್ಕೆ ನಿಜವಾದ ಅರ್ಥ ಬರುವುದು ಇಲ್ಲಿ. ಆದರೆ ಒಪ್ಪುವ ಅಕ್ಕಸಾಲಿ ಸಿಗಬೇಕು. ಕೊಟ್ಟ ಚಿನ್ನವೇ ಒಡವೆಯಲ್ಲಿ ಇದೆ ಅಂತ ಗೊತ್ತಾಗಲು ಹಾಲ್‌ಮಾರ್ಕ್ ಹಾಕಿಸಿ ಕೊಡಿ ಅಂತ ಮೊದಲೇ ಹೇಳಬೇಕು. ಒಡವೆ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ದೊಡ್ಡ ಶೋರೂಮ್‌ಗಳಲ್ಲಿ ಇದಕ್ಕೆ ಒಪ್ಪುವವರು ಕಡಿಮೆ. ಅವರಿಗೆ ಬೇಕಾದ್ದು ಬದಲಿ ವ್ಯಾಪಾರ.

ನಾಣ್ಯ ಕೊಳ್ಳುವ ಮೊದಲು ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: "ಇದೇ ನಾಣ್ಯ ನಾಲ್ಕು ವರ್ಷ ಬಿಟ್ಟು ತಂದರೆ 24 ಕ್ಯಾರೆಟ್ ದರ ಕೊಡ್ತೀರಾ, 22ರದ್ದಾ?" ಬೇರೆ ಅಂಗಡಿಯ ನಾಣ್ಯಕ್ಕೆ 22ರ ದರ ಹಾಕುವವರೂ ಇದ್ದಾರೆ. ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ. ಪ್ಯಾಕ್ ಒಡೆಯಬೇಡಿ, ಬಿಲ್ ಕಳೆಯಬೇಡಿ. ನಾಣ್ಯದ ಮೇಲೆ 999 ಇದೆಯೋ 995 ಇದೆಯೋ ನೋಡಿಕೊಳ್ಳಿ.

ಇಟಿಎಫ್: ಯಾರ ಹೆಸರಲ್ಲಿ ಅನ್ನುವುದೇ ವಿಷಯ

ಗೋಲ್ಡ್ ಇಟಿಎಫ್ ಅಂದರೆ ಮ್ಯೂಚುವಲ್ ಫಂಡ್ ಕಂಪನಿ ನಿಜವಾದ ಚಿನ್ನ ಕೊಂಡು ಭದ್ರವಾಗಿ ಇಟ್ಟು, ಅದರ ತುಂಡುಗಳನ್ನು ಷೇರಿನಂತೆ ಮಾರುವುದು. ನಮ್ಮ ದೇಶದಲ್ಲಿ 2007ರಿಂದ ಇದೆ, ಷೇರು ಪೇಟೆಯ ನಿಯಂತ್ರಕ ಸೆಬಿಯ ಕಣ್ಗಾವಲಿನಲ್ಲಿದೆ. ಅತಿ ಹಳೆಯದಾದ GOLDBEES ಎಂಬುದರ ಒಂದು ಯೂನಿಟ್ ಅಂದರೆ ಗ್ರಾಂನ ಸುಮಾರು ನೂರನೇ ಒಂದು ಭಾಗ. ಹಾಗಾಗಿ ಸಾವಿರ ರೂಪಾಯಿ ಇದ್ದರೂ ಕೊಳ್ಳಬಹುದು. ಮೇಕಿಂಗ್ ಇಲ್ಲ, ಯೂನಿಟ್‌ಗೆ ಜಿಎಸ್‌ಟಿ ಇಲ್ಲ, ಲಾಕರ್ ಬೇಡ. ಆದರೆ ಡಿಮ್ಯಾಟ್ ಖಾತೆ ಬೇಕು. ಅದಕ್ಕೆ ವಾರ್ಷಿಕ ಶುಲ್ಕ ಇದ್ದರೆ ಅದೂ ಖರ್ಚೇ. ಫಂಡ್‌ನವರು ಚಿನ್ನ ಕಾಯುವುದಕ್ಕೆ ವರ್ಷವರ್ಷ ಸ್ವಲ್ಪ ಕಡಿತ ಮಾಡುತ್ತಾರೆ. ಶೇ. 0.6 ಎಂದುಕೊಳ್ಳೋಣ. ಅದು ನಿಮ್ಮ ಕೈಯಿಂದ ಕೊಡುವುದಲ್ಲ, ಯೂನಿಟ್ ಹಿಂದಿರುವ ಚಿನ್ನವೇ ಸವೆಯುವುದು. ನದಿಯಲ್ಲಿ ಕಲ್ಲು ಸವೆದ ಹಾಗೆ, ಕಣ್ಣಿಗೆ ಕಾಣುವುದಿಲ್ಲ.

ನಾಣ್ಯಕ್ಕೆ ಕೊಟ್ಟ ಅದೇ 1,06,090 ರೂಪಾಯಿಯನ್ನು ಇಟಿಎಫ್‌ಗೆ ಹಾಕೋಣ. 10.6 ಗ್ರಾಂನಷ್ಟು ಬರುತ್ತದೆ. ನಾಲ್ಕು ವರ್ಷದ ಕಡಿತ ಕಳೆದು ಸುಮಾರು 10.35 ಗ್ರಾಂ ಉಳಿಯುತ್ತದೆ. 15,000ದಂತೆ ಮಾರಿದರೆ 1,55,250. ಒಂದು ವರ್ಷ ದಾಟಿದ್ದರೆ ಲಾಭಕ್ಕೆ ಶೇ. 12.5 ತೆರಿಗೆ. ಸೆಸ್ ಸೇರಿ 6,400ರ ಹತ್ತಿರ. ಕೈಗೆ 1,48,860. ಒಡವೆಗೆ 1,69,950 ಬೇಕು, ಕೈಯಿಂದ ಸುಮಾರು 21,100 ಹಾಕಬೇಕು.

ಇದನ್ನು ಬರೆದು ನಾನೇ ಒಂದು ಗಳಿಗೆ ಸುಮ್ಮನೆ ಕೂತೆ. ಇಟಿಎಫ್ ಗೆಲ್ಲುತ್ತದೆ ಅಂತ ಅಂದುಕೊಂಡಿದ್ದೆ. ಪೂರ್ತಿ ದರ ಸಿಕ್ಕಿ, ತೆರಿಗೆ ಹೇಳದೆ ಬದಲಿಸುವವರ ನಾಣ್ಯಕ್ಕಿಂತ ಇದು ಜಾಸ್ತಿ ದುಬಾರಿ! ಆಚಾರಿಯ ದಾರಿಗಿಂತಲೂ ದುಬಾರಿ. ಎಲ್ಲಾ ನುಂಗಿದ್ದು ಆ ತೆರಿಗೆ.

ಭಾವನ ವಿಷಯದಲ್ಲಿ ಇದಕ್ಕೆ ಒಳ್ಳೆಯ ದಾರಿ ಇತ್ತು. ಮಗಳಿಗೆ ಹದಿನೆಂಟು ದಾಟಿದೆ, ಸ್ವಂತ ಪಾನ್ ಇದೆ. ಅಪ್ಪ ಅಮ್ಮ ಮಗಳಿಗೆ ಕೊಟ್ಟ ದುಡ್ಡಿಗೆ ಉಡುಗೊರೆ ತೆರಿಗೆ ಇಲ್ಲ. ಅವಳ ಹೆಸರಿನಲ್ಲೇ ಡಿಮ್ಯಾಟ್ ತೆರೆದು ಅವಳೇ ಕೊಂಡರೆ ಲಾಭವೂ ಅವಳದೇ. ಅಪ್ಪನ ಆದಾಯಕ್ಕೆ ಸೇರಿಸುವುದು ಅಪ್ರಾಪ್ತ ಮಕ್ಕಳಾದರೆ ಮಾತ್ರ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗೆ ಆದಾಯಕ್ಕೆ ತೆರಿಗೆ ಇಲ್ಲ. ಬೇರೆ ಆದಾಯ ಇಲ್ಲದಿದ್ದರೆ ಚಿನ್ನದ ಲಾಭವೂ ಆ ನಾಲ್ಕು ಲಕ್ಷದೊಳಗೆ ಕೂರುತ್ತದೆ. ಆಗ 1,55,250 ಪೂರ್ತಿ ಕೈಗೆ ಬರುತ್ತದೆ. ಒಡವೆಗೆ ಹಾಕಬೇಕಾದದ್ದು 14,700. ಆಚಾರಿಯ ದಾರಿಗಿಂತ ಸಾವಿರ ಕಡಿಮೆ, ಯಾವ ಅಂಗಡಿಯಲ್ಲಿ ಬೇಕಾದರೂ ಕೊಳ್ಳಬಹುದು.

ಹುಡುಗಿ ಕೆಲಸಕ್ಕೆ ಸೇರಿ ತೆರಿಗೆಗೆ ಲೆಕ್ಕವಾಗುವ ಸಂಬಳ ನಾಲ್ಕು ಲಕ್ಷ ದಾಟಿದರೆ ಈ ಅನುಕೂಲ ಹೋಗುತ್ತದೆ. ಅದಕ್ಕೊಂದು ಉಪಾಯ ಇದೆ. ಕೆಲಸ ಸಿಗುವ ಮೊದಲಿನ ಆರ್ಥಿಕ ವರ್ಷದಲ್ಲಿ, ವರ್ಷ ದಾಟಿದ ಯೂನಿಟ್‌ಗಳನ್ನು ಮಾರಿ ಹಣ ಬಂದ ಕೂಡಲೇ ಮತ್ತೆ ಕೊಳ್ಳುವುದು. ಲಾಭ ಆ ವರ್ಷಕ್ಕೆ ಸೇರುತ್ತದೆ, ಮುಂದಿನ ಲೆಕ್ಕ ಹೊಸ ಬೆಲೆಯಿಂದ ಶುರು. ರಿಟರ್ನ್ ಹಾಕಿಡುವುದು ಒಳ್ಳೆಯದು.

ಕೊಳ್ಳುವಾಗ ಗಮನಿಸಬೇಕಾದದ್ದು ಒಂದೇ. ಆ್ಯಪ್‌ನಲ್ಲಿ ಕಾಣುವ ಬೆಲೆ ಯಾವಾಗಲೂ ಒಳಗಿನ ಚಿನ್ನದ ಬೆಲೆಯಲ್ಲ. ಜನ ಮುಗಿಬಿದ್ದ ದಿನ ಯೂನಿಟ್ ತನ್ನ ಚಿನ್ನಕ್ಕಿಂತ ದುಬಾರಿಯಾಗಿ ಓಡುತ್ತದೆ. ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ iNAV ಎಂಬ ಸಂಖ್ಯೆ ಇರುತ್ತದೆ, ಆ ಗಳಿಗೆಯ ಒಳಬೆಲೆ ಅದು. ಎರಡರ ನಡುವೆ ಅರ್ಧ ಶೇಕಡಕ್ಕಿಂತ ಜಾಸ್ತಿ ಅಂತರ ಕಂಡರೆ ಆ ದಿನ ಬಿಟ್ಟುಬಿಡಿ. ಕೊಳ್ಳುವಾಗ "ಮಾರ್ಕೆಟ್" ಒತ್ತದೆ "ಲಿಮಿಟ್" ಒತ್ತಿ ನಿಮ್ಮ ಬೆಲೆ ಹಾಕಿ. ಪೇಟೆ ತೆರೆದ ಮೊದಲ ಕಾಲು ಗಂಟೆ ಬೇಡ. ವ್ಯಾಪಾರ ಕಡಿಮೆ ಇರುವ ಫಂಡ್‌ಗಳ ಸಹವಾಸವೂ ಬೇಡ.

ಮಾರುವುದು ಇನ್ನೂ ಮುಖ್ಯ. ಒಡವೆಗೆ ಆರ್ಡರ್ ಕೊಟ್ಟು ದರ ಕಟ್ಟಿಸುವ ದಿನವೇ ಯೂನಿಟ್ ಮಾರಿ. ತಿಂಗಳು ಮುಂಚೆ ಮಾರಿ ದುಡ್ಡು ಇಟ್ಟುಕೊಂಡರೆ ನಡುವೆ ದರ ಏರಿ ಗ್ರಾಂ ಕಡಿಮೆಯಾದೀತು. ಹಣ ಮರುದಿನ ಡಿಮ್ಯಾಟ್ ಕಂಪನಿಯ ಖಾತೆಗೆ ಬರುತ್ತದೆ, ಅಲ್ಲಿಂದ ಬ್ಯಾಂಕಿಗೆ ಇನ್ನೊಂದು ದಿನ ಬೇಕಾಗಬಹುದು. ಅಂಗಡಿಗೆ ಆರ್‌ಟಿಜಿಎಸ್‌ನಲ್ಲೇ ಕೊಡಿ, ಎರಡು ಲಕ್ಷ ಅಥವಾ ಮೇಲ್ಪಟ್ಟ ನಗದು ತೆಗೆದುಕೊಳ್ಳಲು ಅವರಿಗೆ ಕಾನೂನು ಬಿಡುವುದಿಲ್ಲ.

ಭಾವ ಮಾಡಿದ್ದು

ಬಾಂಡ್ 2028ರವರೆಗೆ ಹಾಗೇ ಇರಲಿ ಅಂತಾಯಿತು. ಮಗಳ ಹೆಸರಿನಲ್ಲಿ ಡಿಮ್ಯಾಟ್ ತೆರೆದರು. ಈ ಸಲದ ಅಡಿಕೆ ದುಡ್ಡಿನಲ್ಲಿ ಹದಿನಾಲ್ಕು ಗ್ರಾಂನಷ್ಟು ಯೂನಿಟ್ ಬಂತು, ಅವಳೇ ಫೋನಿನಲ್ಲಿ ಕೊಂಡಳು. ನಾಣ್ಯ ಬೇಡವೇ ಬೇಡ ಅಂತ ನಾನು ಹೇಳಲಿಲ್ಲ. ಊರಿನಲ್ಲಿ ಮೂರು ತಲೆಮಾರಿನಿಂದ ನಮ್ಮ ಮನೆಯವರಿಗೆ ಒಡವೆ ಮಾಡಿಕೊಡುವ ಆಚಾರಿ ಇದ್ದಾರೆ. ಕರಿಮಣಿ ಅವರ ಕೈಯಲ್ಲೇ ಆಗಬೇಕು ಅನ್ನುವುದು ಅಕ್ಕನ ಹಟ. ಅದಕ್ಕೆಂದು ಹದಿನಾರು ಗ್ರಾಂ, ಎಂಟೆಂಟರ ಎರಡು ನಾಣ್ಯ ಮುಂದಿನ ಎರಡು ವರ್ಷದಲ್ಲಿ ಕೊಳ್ಳುವುದು ಅಂತ ತೀರ್ಮಾನವಾಯಿತು. ಅಷ್ಟು ಗ್ರಾಂ ಇಟಿಎಫ್‌ನ ಪಾಲಿನಿಂದ ಕಡಿಮೆ. ಭಾವ ಡೈರಿಯಲ್ಲಿ ರೂಪಾಯಿಯ ಕಾಲಂ ಹೊಡೆದುಹಾಕಿ ಗ್ರಾಂ ಅಂತ ಬರೆದುಕೊಂಡಿದ್ದಾರೆ. ಮೊದಲ ಸಾಲು: ಬಾಂಡ್ 16. ಎರಡನೆಯದು: ಇಟಿಎಫ್ 14.2. ಬಾಕಿ 43.1.